ಮಣಿಕಟ್ಟು ನೆನಪಿಟ್ಟುಕೊಂಡ ಅಳತೆ

ಆಕ್ಸಲಾಟಲ್ ಮೆಕ್ಸಿಕೊ ನಗರದ ಶೋಚಿಮಿಲ್ಕೊ ಕಾಲುವೆಗಳಲ್ಲಿ ಬದುಕುವ ಸಾಲಮಾಂಡರ್. ನೋಡಲು ಕಿವಿರುಗಳಿರುವ ಹಲ್ಲಿಯಂತೆ. ಅದರ ಮುಂಗಾಲು ಮಣಿಕಟ್ಟಿನಲ್ಲಿ ತುಂಡಾದರೆ ಅಂಗೈ ಮತ್ತು ಬೆರಳುಗಳಷ್ಟೇ ಮೂಡುತ್ತವೆ. ಭುಜದ ಬಳಿ ತುಂಡಾದರೆ ಮೊಣಕೈ ಸಮೇತ ಇಡೀ ತೋಳು ಬರುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಷ್ಟು ಹೋಗಿದೆ ಎಂಬುದು ಉಳಿದ ಮೋಟಿಗೆ ಹೇಗೆ ಗೊತ್ತಾಗುತ್ತದೆ? ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು.

ಗಾಯವಾದ ಒಂದು ದಿನದೊಳಗೆ ಸುತ್ತಲಿನ ಚರ್ಮದ ಕೋಶಗಳು ಹರಿದುಬಂದು ತೆಳುವಾದ ಹೊದಿಕೆ ಹಾಸುತ್ತವೆ. ನಮ್ಮಲ್ಲಾದರೆ ಅದರಡಿ ಕಲೆಗಟ್ಟುವ ಕೆಲಸ ಶುರುವಾಗುತ್ತಿತ್ತು. ಇಲ್ಲಿ ಹಾಗಾಗದೆ ಹೊದಿಕೆ ದಪ್ಪಗಾಗುತ್ತದೆ, ನರಗಳು ಅದರ ಬಳಿಗೆ ಬೆಳೆದು ಬರುತ್ತವೆ, ಕೆಳಗೆ ಕೋಶಗಳು ಸೇರಿ ಪುಟ್ಟ ಮೊಗ್ಗೊಂದು ಉಬ್ಬುತ್ತದೆ. ಇದೇ ಬ್ಲಾಸ್ಟೆಮಾ. ನರವನ್ನು ಕತ್ತರಿಸಿಬಿಟ್ಟರೆ ಮೊಗ್ಗು ಏಳುವುದೇ ಇಲ್ಲ. ಮೊಗ್ಗಿನ ಕೋಶಗಳು ಏನು ಬೇಕಾದರೂ ಆಗಬಲ್ಲವು ಎಂದು ಹಿಂದೆ ಭಾವಿಸಿದ್ದರು. ಜೀವವಿಜ್ಞಾನಿ ಎಲೀ ತನಾಕಾ ಅವರ ತಂಡ 2009ರಲ್ಲಿ ಕೋಶಗಳಿಗೆ ಹೊಳೆಯುವ ಗುರುತು ಹಾಕಿ ಬೆನ್ನುಹತ್ತಿದಾಗ, ಸ್ನಾಯುವಿನಿಂದ ಬಂದದ್ದು ಸ್ನಾಯುವೇ ಆಗುವುದು ಕಂಡಿತು. ಅವು ತಮ್ಮ ಮೂಲವನ್ನು ಮರೆತಿರಲಿಲ್ಲ.

ಇನ್ನು ಅಳತೆಯ ಮಾತು. ಎ ಜೀವಸತ್ವದಿಂದ ಹುಟ್ಟುವ ರೆಟಿನಾಯಿಕ್ ಆಮ್ಲವನ್ನು ಹೆಚ್ಚು ಕೊಟ್ಟರೆ ಮಣಿಕಟ್ಟಿನ ಮೋಟು ದಾರಿ ತಪ್ಪುತ್ತದೆ: ಮಣಿಕಟ್ಟಿನಿಂದಲೇ ಮತ್ತೊಂದು ಇಡೀ ತೋಳು ಹೊರಡುತ್ತದೆ. ಇದು 1980ರ ದಶಕದಿಂದಲೇ ಗೊತ್ತಿತ್ತು. ಕಾರಣವನ್ನು 2025ರಲ್ಲಿ ಜೀವವಿಜ್ಞಾನಿ ಜೇಮ್ಸ್ ಮೊನಾಗನ್ ಅವರ ತಂಡ ಬಿಡಿಸಿತು. ಈ ಆಮ್ಲವನ್ನು ಒಡೆದುಹಾಕುವ ಕಿಣ್ವವೊಂದು ಅಂಗೈ ಕಡೆ ಹೆಚ್ಚು, ಭುಜದ ಕಡೆ ಕಡಿಮೆ. ಹಾಗಾಗಿ ಆಮ್ಲ ಭುಜದ ಬಳಿ ಹೆಚ್ಚು ಉಳಿಯುತ್ತದೆ, ಕೆಳಗಿಳಿದಂತೆ ಕರಗುತ್ತದೆ. ಕೋಶ ಓದಿಕೊಳ್ಳುವುದು ಈ ಏರಿಳಿತವನ್ನು. ಕಿಣ್ವವನ್ನು ಔಷಧಿಯಿಂದ ತಡೆದರೆ, ಮಣಿಕಟ್ಟು ತನ್ನನ್ನೇ ಭುಜವೆಂದು ತಿಳಿಯುತ್ತದೆ.

ನಕ್ಷತ್ರ ಮೀನಿನ ಸಾಹಸ ಇನ್ನೊಂದು ಬಗೆಯದು. ಬಹುತೇಕ ಜಾತಿಗಳು ನಡುವಿನ ಬಿಲ್ಲೆ ಸ್ವಲ್ಪವಾದರೂ ಉಳಿದಿದ್ದರೆ ಮಾತ್ರ ಹೊಸ ತೋಳು ಬೆಳೆಸುತ್ತವೆ. ಆದರೆ ಲಿಂಕಿಯಾ ಕುಲದಲ್ಲಿ ಕಳಚಿದ ಒಂಟಿ ತೋಳಿನ ಬುಡದಲ್ಲೇ ಪುಟ್ಟ ತೋಳುಗಳು ಚಿಗುರುತ್ತವೆ. ಉದ್ದ ಬಾಲದ ಧೂಮಕೇತುವಿನಂತೆ ಕಾಣುವ ಈ ರೂಪಕ್ಕೆ ಬಾಯಿ ಮೂಡುವವರೆಗೆ, ತೋಳಿನಲ್ಲಿ ಕೂಡಿಟ್ಟ ಆಹಾರವೇ ಆಸರೆ.

ಮನುಷ್ಯರಲ್ಲೂ ಚಿಕ್ಕ ಮಕ್ಕಳ ಬೆರಳ ತುದಿ, ಉಗುರಿನ ಬುಡ ಉಳಿದಿದ್ದರೆ, ಮತ್ತೆ ಬೆಳೆಯುವುದುಂಟು. ಅದರಾಚೆಗೆ ಕಲೆ ಗೆಲ್ಲುತ್ತದೆ. ರೆಟಿನಾಯಿಕ್ ಆಮ್ಲ ನಮ್ಮ ದೇಹದಲ್ಲೂ ಇದೆ. ಅದು ಚಾಲೂ ಮಾಡುವ ಶಾಕ್ಸ್ ಎಂಬ ಜೀನ್ ಕೂಡ ಇದೆ. ಅದರಲ್ಲಿ ದೋಷವಿದ್ದರೆ ಮಕ್ಕಳ ಮುಂದೋಳು ಗಿಡ್ಡವಾಗುತ್ತದೆ. ಆಕ್ಸಲಾಟಲ್‌ನಲ್ಲಿ ಆ ಜೀನ್ ತೆಗೆದಾಗಲೂ ತೋಳು ಗಿಡ್ಡವಾಯಿತು, ಅಂಗೈ ಮಾತ್ರ ಸರಿಯಾಗಿಯೇ ಇತ್ತು. ಅಂದರೆ ಸೂಚನೆಗಳು ನಮ್ಮಲ್ಲೂ ಇವೆ, ಅವನ್ನು ಕೇಳಿಸಿಕೊಳ್ಳುವ ಮೊಗ್ಗು ಇಲ್ಲ. ಕಲೆಗಟ್ಟುವ ಕೋಶಗಳನ್ನು ಆ ಮೊಗ್ಗಿನ ದಾರಿಗೆ ತಿರುಗಿಸಲು ಸಾಧ್ಯವೇ ಎಂದು ಸಂಶೋಧಕರು ಈಗ ಹುಡುಕುತ್ತಿದ್ದಾರೆ.