ಶೇಕಡಾ ಎಷ್ಟು ಎಂದು ಕೇಳುವ ಮೊದಲು

2008ರ ಜಲಾನಯನ ಮಾರ್ಗಸೂಚಿ ಮೇಲ್ವಿಚಾರಣೆಗೆ ಶೇ 1, ಮೌಲ್ಯಮಾಪನಕ್ಕೆ ಶೇ 1 ಎಂದು ನಿಗದಿ ಮಾಡಿತ್ತು. 6 ಕೋಟಿ ರೂಪಾಯಿಯ ಯೋಜನೆಗೆ ಅದು 12 ಲಕ್ಷ. ಅದೇ ಶೇ 2ನ್ನು 60 ಲಕ್ಷದ ಸಣ್ಣ ಯೋಜನೆಗೆ ಹಚ್ಚಿದರೆ ಕೈಗೆ ಬರುವುದು 1.2 ಲಕ್ಷ ಮಾತ್ರ.

ಆದ್ದರಿಂದ ಲೆಕ್ಕವನ್ನು ಪ್ರಶ್ನೆಯಿಂದ ಶುರು ಮಾಡಬೇಕು. ಅಂತರ್ಜಲ ಏರಿತೇ? ಒಂದು ಅಂದಾಜು ಹಾಕೋಣ. 30 ಬಾವಿಗಳ ಮಟ್ಟವನ್ನು ಐದು ವರ್ಷ ತಿಂಗಳಿಗೊಮ್ಮೆ ಅಳೆದರೆ 1,800 ಅಳತೆ. ತಲಾ 50 ರೂಪಾಯಿಯಂತೆ 90 ಸಾವಿರ. 400 ಮನೆಗಳ ಸಮೀಕ್ಷೆ ಆರಂಭದಲ್ಲೊಮ್ಮೆ, ಕೊನೆಗೊಮ್ಮೆ. ಮನೆಗೆ 300ರಂತೆ 2.4 ಲಕ್ಷ. ಒಟ್ಟು 3.3 ಲಕ್ಷ. ದೊಡ್ಡ ಯೋಜನೆಯಲ್ಲಿ ಇದು ಶೇ 0.55, ಸಣ್ಣದರಲ್ಲಿ ಶೇ 5.5. ಕೆಲಸ ಒಂದೇ.

ಹಣ ಕೊಡುವವರು ಹುಬ್ಬೇರಿಸಿದರೆ ಈ ಪಟ್ಟಿಯನ್ನೇ ಮುಂದಿಡಿ, ಯಾವ ಅಳತೆಯಿಂದ ಯಾವ ತೀರ್ಮಾನ ಎಂದು ಬರೆಯಿರಿ. ಕಡಿತ ಅನಿವಾರ್ಯವಾದರೆ ಮನೆಗಳ ಸಂಖ್ಯೆ ಇಳಿಸಬಹುದು. ಆದರೆ 30ರಲ್ಲಿ ಕೆಲವು ಬಾವಿಗಳು ಕಾಮಗಾರಿಯಿಲ್ಲದ ಪಕ್ಕದ ಊರಿನವೇ ಆಗಿರಬೇಕು, ಅವನ್ನು ಮಾತ್ರ ಬಿಡಬಾರದು. ಇಲ್ಲವಾದರೆ ಒಳ್ಳೆಯ ಮಳೆಯ ಫಲವೂ ಚೆಕ್‌ಡ್ಯಾಮಿನ ಖಾತೆಗೆ ಸೇರುತ್ತದೆ. ಮೊದಲ ಸಮೀಕ್ಷೆಯ ಹಣ ಜೆಸಿಬಿ ಇಳಿಯುವ ಮುನ್ನವೇ ಬಿಡುಗಡೆಯಾಗಬೇಕು.