ಬ್ಯಾಂಕಿಗೆ ದೂರು: ದನಿ ಏರಿಸದೆ, ಪಟ್ಟು ಸಡಿಲಿಸದೆ

ಎಟಿಎಂ ಯಂತ್ರ ಸದ್ದು ಮಾಡಿತು, ನೋಟು ಮಾತ್ರ ಹೊರಗೆ ಬರಲಿಲ್ಲ. ಮೊಬೈಲಿಗೆ ಮಾತ್ರ ಖಾತೆಯಿಂದ ₹10,000 ಕಡಿತವಾಗಿದೆ ಎಂಬ ಸಂದೇಶ ಬಂತು. ವಾರ ಎರಡು ಕಳೆದರೂ ಹಣ ಮರಳಿಲ್ಲ. ಈಗ ಶಾಖೆಗೆ ಪತ್ರ ಬರೆಯಬೇಕು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ‘ಬಡವನ ಮೇಲೆ ಕೃಪೆ ತೋರಿ’ ಎಂದು ಅಂಗಲಾಚುತ್ತಾರೆ. ಇನ್ನು ಕೆಲವರು ‘ನಿಮ್ಮನ್ನು ಕೋರ್ಟಿಗೆ ಎಳೆಯುತ್ತೇನೆ’ ಎಂದು ಗುಡುಗುತ್ತಾರೆ. ಅಂಗಲಾಚಿದರೆ ಹಕ್ಕು ಭಿಕ್ಷೆಯಾಗುತ್ತದೆ. ಗುಡುಗಿದರೆ ಪತ್ರ ಓದುವವರ ಗಮನ ಹಣದಿಂದ ಜಗಳದತ್ತ ಸರಿಯುತ್ತದೆ.

ಪತ್ರಕ್ಕೆ ಬಲ ಬರುವುದು ನಿಯಮದಿಂದ, ದಿನಾಂಕದಿಂದ. ಎಟಿಎಂನಿಂದ ಹಣ ಬಾರದೆ ಖಾತೆಯಿಂದ ಕಡಿತವಾದರೆ, ವ್ಯವಹಾರ ನಡೆದ ದಿನದ ನಂತರ 5 ದಿನಗಳೊಳಗೆ ಬ್ಯಾಂಕು ತಾನಾಗಿಯೇ ಅದನ್ನು ಮರಳಿ ಜಮಾ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಹೇಳಿದೆ. ತಡವಾದರೆ ದಿನಕ್ಕೆ ₹100 ಪರಿಹಾರ. ಗ್ರಾಹಕರು ಕೇಳದಿದ್ದರೂ ಈ ಪರಿಹಾರವನ್ನು ಬ್ಯಾಂಕೇ ಕೊಡಬೇಕು. ಹಣ ತೆಗೆಯಲು ಹೋದದ್ದು ಜೂನ್ 3ರಂದು ಎಂದುಕೊಳ್ಳಿ. ಗಡುವು ಜೂನ್ 8ಕ್ಕೆ ಮುಗಿಯಿತು. ಜೂನ್ 20ರಂದು ಪತ್ರ ಬರೆದರೆ, 9ರಿಂದ 20ರವರೆಗೆ 12 ದಿನಗಳ ವಿಳಂಬಕ್ಕೆ ₹1,200 ಸಲ್ಲಬೇಕು. ಇಷ್ಟು ಲೆಕ್ಕ ಕೈಯಲ್ಲಿದ್ದರೆ ಕೋಪದ ಮಾತು ಬೇಕಾಗುವುದೇ ಇಲ್ಲ.

ಪತ್ರವನ್ನು ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೇ ಬರೆಯಿರಿ, ಎಟಿಎಂ ಬೇರೆ ಬ್ಯಾಂಕಿನದ್ದಾಗಿದ್ದರೂ ಸರಿ. ‘ಶಾಖಾ ವ್ಯವಸ್ಥಾಪಕರಿಗೆ’ ಎಂದು ಹುದ್ದೆಗೆ ಬರೆಯುವುದು ವಾಡಿಕೆ. ‘ಮಾನ್ಯರೇ’ ಎಂಬ ಸಂಬೋಧನೆ ಸಾಕು. ‘ಪರಮಪೂಜ್ಯ’ ಬೇಡ, ‘ಸಾರ್’ ಕೂಡ ಬೇಡ. ವಿಷಯದ ಸಾಲಿನಲ್ಲೇ ಮೊತ್ತ, ದಿನಾಂಕ ಬರಲಿ. ಒಡಲು ಹೀಗಿರಬಹುದು:

‘ಮಾನ್ಯರೇ,

ನಾನು ತಮ್ಮ ಶಾಖೆಯಲ್ಲಿ ಉಳಿತಾಯ ಖಾತೆ ಹೊಂದಿದ್ದೇನೆ. ಜೂನ್ 3ರಂದು ಸಂಜೆ 6.40ಕ್ಕೆ ಬಸ್ ನಿಲ್ದಾಣದ ಎಟಿಎಂನಲ್ಲಿ ₹10,000 ತೆಗೆಯಲು ಯತ್ನಿಸಿದಾಗ ನೋಟು ಬರಲಿಲ್ಲ. ಆದರೆ ಖಾತೆಯಿಂದ ಆ ಮೊತ್ತ ಕಡಿತವಾಗಿದೆ. ಎಟಿಎಂ ಚೀಟಿ ಮತ್ತು ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿದ್ದೇನೆ.

ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆಯಂತೆ ಈ ಮೊತ್ತ ಜೂನ್ 8ರೊಳಗೆ ಮರಳಿ ಜಮಾ ಆಗಬೇಕಿತ್ತು. ಆದ್ದರಿಂದ ₹10,000ವನ್ನೂ ಜೂನ್ 9ರಿಂದ ಜಮಾ ಆಗುವ ದಿನದವರೆಗೆ ದಿನಕ್ಕೆ ₹100ರಂತೆ ಪರಿಹಾರವನ್ನೂ ನನ್ನ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ. ತೆಗೆದುಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ’

ಇಲ್ಲಿ ‘ತಮ್ಮ’ ಎಂಬುದು ಸೌಜನ್ಯ; ‘ಜಮಾ ಆಗಬೇಕಿತ್ತು’ ಎಂಬುದು ಪಟ್ಟು. ‘ಬೇಡಿಕೊಳ್ಳುತ್ತೇನೆ’ ಎಂದರೆ ದನಿ ಕುಗ್ಗುತ್ತದೆ, ‘ಕೂಡಲೇ ಕೊಡತಕ್ಕದ್ದು’ ಎಂದರೆ ಆಜ್ಞೆಯಾಗುತ್ತದೆ. ‘ಕೋರುತ್ತೇನೆ’ ಎರಡರ ನಡುವಿನ ಸರಿಯಾದ ಅಳತೆ. ‘ನಿಮ್ಮ ಸಿಬ್ಬಂದಿ ಕಳ್ಳರು’ ಎಂಬಂಥ ಮಾತಿಗೆ ಸಾಕ್ಷ್ಯವಿಲ್ಲ, ಪ್ರಯೋಜನವೂ ಇಲ್ಲ. ಕೌಂಟರಿನಲ್ಲಿ ಯಾರಾದರೂ ಒರಟಾಗಿ ನಡೆದುಕೊಂಡಿದ್ದರೆ ಆ ದೂರನ್ನು ಬೇರೆ ಪತ್ರದಲ್ಲಿ ಬರೆಯಿರಿ. ಒಂದೇ ಪತ್ರದಲ್ಲಿ ಎರಡೂ ಸೇರಿದರೆ ಉತ್ತರವೂ ಸುಲಭವಾದುದಕ್ಕೇ ಬರುತ್ತದೆ, ಹಣದ ಮಾತು ಹಾಗೇ ಉಳಿಯುತ್ತದೆ.

ಸಹಿಯ ಕೆಳಗೆ ಖಾತೆ ಸಂಖ್ಯೆ, ಫೋನ್ ನಂಬರ್ ಇರಲಿ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು. ಪಿನ್, ಸಿವಿವಿ, ಒಟಿಪಿಗಳನ್ನು ಯಾವ ಪತ್ರದಲ್ಲೂ ಬರೆಯಬಾರದು. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ. ಇಮೇಲ್ ಮಾಡಿದರೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ.

ಆ ಸೀಲಿನ ದಿನಾಂಕ ಮುಂದಿನ ಹೆಜ್ಜೆಗೆ ಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಉಚಿತವಾಗಿ ದೂರು ಕೊಡಬಹುದು. ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಡದೆ ನೇರ ಅಲ್ಲಿಗೆ ಹೋದರೆ ಸ್ವೀಕರಿಸುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಒಂಬುಡ್ಸ್‌ಮನ್ ಯೋಜನೆಯಲ್ಲಿ ಇನ್ನೊಂದು ಷರತ್ತೂ ಇದೆ: ದೂರು ನಿಂದನೆಯಿಂದ ಕೂಡಿರಬಾರದು. ಹಾಗಾಗಿ ಬೈಗುಳ ಬರೆದವರು ತಮ್ಮ ಹಕ್ಕಿನ ದಾರಿಯನ್ನು ತಾವೇ ಕಿರಿದಾಗಿಸಿಕೊಳ್ಳುತ್ತಾರೆ. ಮೊದಲ ಪತ್ರಕ್ಕೆ ಉತ್ತರ ಬಾರದೆ ಜ್ಞಾಪನಾ ಪತ್ರ ಬರೆಯುವಾಗಲೂ ಭಾಷೆ ಹಾಗೆಯೇ ಇರಲಿ. ‘ನಿಗದಿತ ಅವಧಿಯಲ್ಲಿ ಪರಿಹಾರ ದೊರೆಯದಿದ್ದಲ್ಲಿ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ’ ಎಂಬ ಒಂದು ಸಾಲು ಸೇರಿಸಿ, ಹೇಳಿದಂತೆ ಸಲ್ಲಿಸಿ.