ಅನುವಾದಕರು ಯಾವುದಕ್ಕೆ ಸಹಿ ಹಾಕುತ್ತಾರೆ?

ಅಮೆರಿಕದ ಪೌರತ್ವ ಪಡೆದ ಅಣ್ಣ ಊರಿನಲ್ಲಿರುವ ತಂಗಿಗಾಗಿ ವಲಸೆ ವೀಸಾಕ್ಕೆ ಅರ್ಜಿ ಹಾಕಿದ್ದಾನೆ ಎಂದುಕೊಳ್ಳಿ. ಈ ವರ್ಗದಲ್ಲಿ ಸರದಿ ಬರುವುದಕ್ಕೇ ಹತ್ತಾರು ವರ್ಷ ಹಿಡಿಯುತ್ತದೆ. ಅಂತೂ ಸರದಿ ಬಂದಾಗ ಆಕೆ ಸಲ್ಲಿಸಬೇಕಾದ ಕಾಗದಗಳಲ್ಲಿ ಜನನ ಪ್ರಮಾಣಪತ್ರವೂ ಒಂದು. ಆಕೆ ಹುಟ್ಟಿದ್ದು 1986ರಲ್ಲಿ, ಮಲೆನಾಡಿನ ಒಂದು ಹಳ್ಳಿಯಲ್ಲಿ. ಪ್ರಮಾಣಪತ್ರವನ್ನು ಗ್ರಾಮ ಲೆಕ್ಕಿಗರು ನೀಲಿ ಶಾಯಿಯಲ್ಲಿ ಪೂರ್ತಿ ಕನ್ನಡದಲ್ಲೇ ತುಂಬಿದ್ದಾರೆ. ದಿನಾಂಕವೂ ಕನ್ನಡ ಅಂಕಿಯಲ್ಲಿದೆ. ಮಗುವಿನ ಹೆಸರಿನ ಜಾಗ ಖಾಲಿ, ಕೆಳಗಿನ ದುಂಡು ಮೊಹರು ಅರ್ಧ ಅಳಿಸಿದೆ. ಇದು ಕಲ್ಪಿತ ಉದಾಹರಣೆ. ಆದರೆ ಆ ಕಾಲದ ಪ್ರಮಾಣಪತ್ರಗಳನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯದ್ದೇನೂ ಕಾಣದು.

ಈಗ ಕರ್ನಾಟಕದಲ್ಲಿ ಗಣಕೀಕೃತವಾಗಿ ಸಿಗುವ ಪ್ರಮಾಣಪತ್ರಗಳು ಸಾಮಾನ್ಯವಾಗಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ತುಂಬಿದ ವಿವರಗಳೂ ಎರಡು ಭಾಷೆಯಲ್ಲಿದ್ದರೆ ಅನುವಾದದ ಅಗತ್ಯವೇ ಬೀಳುವುದಿಲ್ಲ. ಹಳೆಯ ಕೈಬರಹದ ಪ್ರತಿಯೊಂದೇ ಕೈಯಲ್ಲಿರುವವರು ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಅನುವಾದಕರ ದೃಢೀಕರಣವನ್ನೂ ಜೊತೆಗಿಡಬೇಕು.

ದೃಢೀಕರಣ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಛಾಪಾ ಕಾಗದ, ನೋಟರಿಯ ಸೀಲು, ಕೆಂಪು ಲಕೋಟೆ. ಅಮೆರಿಕದ ವಲಸೆ ನಿಯಮ ಕೇಳುವುದು ಇವನ್ನಲ್ಲ. ಅನುವಾದ ಪೂರ್ಣವಾಗಿದೆ ಮತ್ತು ನಿಖರವಾಗಿದೆ ಎಂದು ಅನುವಾದಕರು ಹೇಳಬೇಕು. ಆ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ತಮಗಿದೆ ಎಂದೂ ಹೇಳಬೇಕು. ಹೇಳಿ ಸಹಿ ಮಾಡಬೇಕು. ನಿಯಮದ ತಿರುಳು ಇಷ್ಟೇ. ಜರ್ಮನಿಯಲ್ಲಿರುವಂತೆ ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿದ ಅಧಿಕೃತ ಅನುವಾದಕರ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ. ಅನುವಾದಕರ ಹೆಸರಿನ ಹಿಂದೆ ಪರವಾನಗಿ ಸಂಖ್ಯೆಯೊಂದು ನಿಂತಿರುವುದಿಲ್ಲವಾದ್ದರಿಂದ, ವೀಸಾ ಅಧಿಕಾರಿ ಅವರನ್ನು ಅಳೆಯುವುದು ಅವರೇ ಬರೆದ ಆ ಕೆಲವು ಸಾಲುಗಳಿಂದ. ಹಾಗಾಗಿ ಅಲ್ಲಿ ಏನಿರಬೇಕು, ಏನಿರಬಾರದು ಎಂಬುದು ಬಹಳ ಮುಖ್ಯ.

ನಮ್ಮ ಉದಾಹರಣೆಯ ತಂಗಿಗಾಗಿ ಆ ಸಾಲುಗಳನ್ನು ಕಟ್ಟೋಣ. ಬರೆಯುವುದು ಇಂಗ್ಲಿಷಿನಲ್ಲಿ, ಇಲ್ಲಿರುವುದು ಅದರ ಕನ್ನಡ ಒಕ್ಕಣೆ. 'ನನ್ನ ಹೆಸರು ಇಂಥದ್ದು. ಕನ್ನಡ ಮತ್ತು ಇಂಗ್ಲಿಷ್ ಎರಡೂ ಭಾಷೆಗಳು ನನಗೆ ಚೆನ್ನಾಗಿ ಬರುತ್ತವೆ. ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಲು ನಾನು ಸಮರ್ಥ. ಇದರೊಂದಿಗೆ ಲಗತ್ತಿಸಿರುವ, ಇಂಥ ನೋಂದಣಿ ಸಂಖ್ಯೆಯ, ಇಂಥ ಕಚೇರಿ ಇಂಥ ದಿನಾಂಕದಂದು ನೀಡಿದ ಒಂದು ಪುಟದ ಜನನ ಪ್ರಮಾಣಪತ್ರವನ್ನು ನಾನೇ ಅನುವಾದಿಸಿದ್ದೇನೆ. ಮೊಹರು, ಸಹಿ ಮತ್ತು ಕೈಬರಹದ ಟಿಪ್ಪಣಿಗಳೂ ಸೇರಿದಂತೆ ಈ ಅನುವಾದ ಪೂರ್ಣವಾಗಿದೆ, ನಿಖರವಾಗಿದೆ.' ಇದರ ಕೆಳಗೆ ಸಹಿ, ಅಚ್ಚಕ್ಷರದಲ್ಲಿ ಪೂರ್ತಿ ಹೆಸರು, ದಿನಾಂಕ, ಸ್ಥಳ, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಇಮೇಲ್.

ಸಾಮರ್ಥ್ಯದ ಮಾತಿಗೆ ಒಂದು ಆಧಾರವನ್ನೂ ಸೇರಿಸುವುದು ಒಳ್ಳೆಯದು: ಇಂಥ ಪದವಿ ಪಡೆದಿದ್ದೇನೆ, ಇಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನಿಯಮ ಕೇಳದಿದ್ದರೂ ಓದುವ ಅಧಿಕಾರಿಗೆ ಇದರಿಂದ ನಂಬಿಕೆ ಬರುತ್ತದೆ. ಕನ್ನಡ ಬರುತ್ತದೆ ಎಂದಷ್ಟೇ ಬರೆದು ಇಂಗ್ಲಿಷಿನ ಮಾತೆತ್ತದ ದೃಢೀಕರಣಗಳೂ ಇರುತ್ತವೆ. ಅಂಥದ್ದು ಸಾಲದು. ಯಾವ ಭಾಷೆಯಿಂದ ಯಾವ ಭಾಷೆಗೆ ಎಂಬುದು ಸ್ಪಷ್ಟವಾಗಿರಬೇಕು.

ಹೆಚ್ಚು ಜನ ಎಡವುವುದು ಪ್ರಮಾಣಪತ್ರವನ್ನು ಗುರುತಿಸುವ ಸಾಲಿನಲ್ಲಿ. 'ಲಗತ್ತಿಸಿದ ದಾಖಲೆಯ ಅನುವಾದ' ಎಂದಷ್ಟೇ ಬರೆದರೆ ಆ ಹಾಳೆಯನ್ನು ಯಾವ ಕಾಗದಕ್ಕೆ ಬೇಕಾದರೂ ಪಿನ್ ಮಾಡಬಹುದು. ನೋಂದಣಿ ಸಂಖ್ಯೆ ಮತ್ತು ನೀಡಿದ ದಿನಾಂಕ ಇದ್ದರೆ ಮಾತ್ರ ದೃಢೀಕರಣ ಒಂದೇ ಒಂದು ಕಾಗದಕ್ಕೆ ಕಟ್ಟುಬೀಳುತ್ತದೆ. ಇಲ್ಲಿ ಒಂದು ತೊಡಕು ಬರುವುದುಂಟು. ಹಳೆಯ ಪ್ರತಿ ಮಾಸಿದೆ ಎಂದು ಮನೆಯವರು ಕಚೇರಿಯಿಂದ ಹೊಸ ಪ್ರತಿ ತರುತ್ತಾರೆ, ಆದರೆ ಮೊದಲೇ ಮಾಡಿಸಿಟ್ಟ ಅನುವಾದವನ್ನೇ ಅದಕ್ಕೆ ಲಗತ್ತಿಸುತ್ತಾರೆ. ನೀಡಿದ ದಿನಾಂಕ ಬೇರೆಯಾಗಿರುತ್ತದೆ, ಸಹಿ ಮಾಡಿದ ಅಧಿಕಾರಿಯೂ ಬೇರೆ. ದೃಢೀಕರಣದ ದಿನಾಂಕವಂತೂ ಪ್ರಮಾಣಪತ್ರದ ದಿನಾಂಕಕ್ಕಿಂತ ಹಿಂದಿನದು! ಇನ್ನೂ ಹುಟ್ಟದ ಕಾಗದವನ್ನು ಅನುವಾದಿಸಲು ಯಾರಿಗೂ ಸಾಧ್ಯವಿಲ್ಲ. ಹೊಸ ಪ್ರತಿ ಬಂದರೆ ಹೊಸ ಅನುವಾದ ಬೇಕು, ಹೊಸ ದಿನಾಂಕದ ಸಹಿಯೂ ಬೇಕು.

'ಪೂರ್ಣವಾಗಿದೆ' ಎನ್ನುವುದು ಇನ್ನೂ ಕಠಿಣವಾದ ಮಾತು. ಹೆಸರು, ದಿನಾಂಕ, ತಂದೆ, ತಾಯಿ ಇವಿಷ್ಟನ್ನು ಎತ್ತಿಕೊಂಡು ಮಾಡಿದ ಚೊಕ್ಕ ಪಟ್ಟಿ ಪೂರ್ಣ ಅನುವಾದವಾಗದು. ಮೇಲಿನ ತಲೆಬರಹ, ಯಾವ ಅಧಿನಿಯಮದಡಿ ನೀಡಿದ್ದೆಂಬ ಸಾಲು, ಅಂಚಿನ ಟಿಪ್ಪಣಿ, ಹಿಂಬದಿಯ ಮೊಹರು ಎಲ್ಲವೂ ಇಂಗ್ಲಿಷಿನಲ್ಲಿ ಬರಬೇಕು. ಓದಲಾಗದ್ದನ್ನು ಓದಲಾಗದು ಎಂದೇ ಬರೆಯಬೇಕು. ನಮ್ಮ ಉದಾಹರಣೆಯ ದುಂಡು ಮೊಹರಿನಲ್ಲಿ ತಾಲ್ಲೂಕಿನ ಹೆಸರು ಕಾಣುತ್ತದೆ, ಉಳಿದದ್ದು ಅಳಿಸಿದೆ. ಅನುವಾದದ ಅದೇ ಜಾಗದಲ್ಲಿ ಚೌಕ ಆವರಣದೊಳಗೆ 'ದುಂಡು ಮೊಹರು, ಭಾಗಶಃ ಅಸ್ಪಷ್ಟ' ಎಂದು ನಮೂದಿಸಬೇಕು. ಹಾಗೆ ಬರೆದ ಅನುವಾದಕರು ಪೂರ್ಣತೆಯ ಮಾತನ್ನು ಉಳಿಸಿಕೊಂಡಂತೆ. ಊಹಿಸಿ ತುಂಬಿದವರು ಆ ಮಾತನ್ನು ಸುಳ್ಳು ಮಾಡಿದಂತೆ.

ಹಾಗೆಯೇ ದಿನಾಂಕ. ಕನ್ನಡ ಅಂಕಿಯ ೩-೭-೧೯೮೬ ಅನ್ನು 3-7-1986 ಎಂದು ಇಳಿಸಿದರೆ ಅಮೆರಿಕದ ಅಧಿಕಾರಿ ಅದನ್ನು ಮಾರ್ಚ್ 7 ಎಂದು ಓದಿಬಿಡಬಹುದು, ಏಕೆಂದರೆ ಅವರಲ್ಲಿ ತಿಂಗಳು ಮೊದಲು ಬರುತ್ತದೆ. ಜುಲೈ ಎಂದು ತಿಂಗಳ ಹೆಸರನ್ನೇ ಬರೆದರೆ ಗೊಂದಲ ಮುಗಿಯಿತು. ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುವುದುಂಟು. ಅನುಮಾನ ಬಂದರೆ ಅದೇ ಪ್ರಮಾಣಪತ್ರದಲ್ಲಿ ಆ ಅಂಕಿ ಬೇರೆಡೆ ಹೇಗೆ ಬಿದ್ದಿದೆ ಎಂದು ಹೋಲಿಸಿ ನೋಡಬೇಕು. ಮನೆಯವರನ್ನು ಕೇಳಿ ತೀರ್ಮಾನಿಸಬಾರದು.

ಈಗ ಖಾಲಿ ಬಿಟ್ಟ ಹೆಸರಿನ ಜಾಗಕ್ಕೆ ಬರೋಣ. ನಾಮಕರಣಕ್ಕೆ ಮೊದಲೇ ಜನನ ನೋಂದಣಿಯಾದಾಗ ಆ ಜಾಗ ಖಾಲಿ ಉಳಿಯುತ್ತಿತ್ತು. ಆಮೇಲೆ ಹೋಗಿ ಹೆಸರು ಸೇರಿಸಲು 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೇ ಪ್ರಕರಣದಲ್ಲಿ ಅವಕಾಶವಿದ್ದರೂ ಎಷ್ಟೋ ಮನೆಯವರು ಹೋಗಲಿಲ್ಲ. ಈಗ ಅನುವಾದಕರ ಮುಂದೆ ಕುಳಿತ ತಂಗಿ ತನ್ನ ಪಾಸ್‌ಪೋರ್ಟ್ ತೋರಿಸಿ, 'ಹೆಸರು ಹೇಗೂ ಗೊತ್ತಲ್ಲ ಸರ್, ಅಲ್ಲಿ ಬರೆದುಬಿಡಿ' ಎನ್ನುತ್ತಾಳೆ. ಆಕೆ ಹೇಳುವುದರಲ್ಲಿ ಮೋಸವಿಲ್ಲ. ಆದರೂ ಅನುವಾದಕರು ಬರೆಯಬೇಕಾದದ್ದು 'ಹೆಸರಿನ ಅಂಕಣ ಖಾಲಿ ಇದೆ' ಎಂದು ಮಾತ್ರ. ಹೆಸರು ಸೇರಿಸುವ ಅಧಿಕಾರ ನೋಂದಣಿ ಕಚೇರಿಯದು.

ಇದಕ್ಕಿಂತ ದೊಡ್ಡ ಸೆಳೆತ ತಾಯಿಯ ಹೆಸರಿನಲ್ಲಿದೆ. ಅಣ್ಣ ತಂಗಿಯರ ಅರ್ಜಿಯಲ್ಲಿ ಅಧಿಕಾರಿ ಇಬ್ಬರ ಪ್ರಮಾಣಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಂದೆ ತಾಯಿಯರ ಹೆಸರನ್ನು ತಾಳೆ ನೋಡುತ್ತಾರೆ. ಅಣ್ಣನದರಲ್ಲಿ ತಾಯಿ 'ಸೀತಾಬಾಯಿ', ತಂಗಿಯದರಲ್ಲಿ 'ಸೀತಮ್ಮ' ಎಂದಿದೆ ಎನ್ನೋಣ. ಊರಿಗೆಲ್ಲ ಗೊತ್ತು ಇಬ್ಬರೂ ಒಬ್ಬರೇ ಎಂದು. ಅನುವಾದದಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟರೆ ಸಲೀಸಲ್ಲವೇ? ಅಲ್ಲ. ಕನ್ನಡ ಓದಬಲ್ಲ ಸಿಬ್ಬಂದಿ ಮೂಲದೊಂದಿಗೆ ಹೋಲಿಸಿದ ಕ್ಷಣವೇ ಅದು ತಿದ್ದಿದ ದಾಖಲೆಯಂತೆ ಕಾಣುತ್ತದೆ. ಆಗ ಅನುಮಾನ ಬೀಳುವುದು ಒಂದು ಹೆಸರಿನ ಮೇಲಲ್ಲ, ಇಡೀ ಅರ್ಜಿಯ ಮೇಲೆ. ಎರಡು ಹೆಸರೂ ಒಬ್ಬರದೇ ಎಂದು ತೋರಿಸಲು ಬೇರೆ ದಾರಿಗಳಿವೆ: ಶಾಲೆಯ ದಾಖಲೆ, ಪಡಿತರ ಚೀಟಿ, ವಿಷಯ ಬಲ್ಲ ಹಿರಿಯರ ಅಫಿಡವಿಟ್. ಅವುಗಳ ಹೊಣೆ ಕುಟುಂಬದ್ದು. ಅನುವಾದಕರ ಸಹಿ ಸಲ್ಲುವುದು ಕಾಗದದಲ್ಲಿ ಏನಿದೆ ಎಂಬುದಕ್ಕೆ. ಆ ಮನೆಯಲ್ಲಿ ಏನು ನಡೆಯಿತು ಎಂಬುದಕ್ಕಲ್ಲ. ದೃಢೀಕರಣದಲ್ಲಿ 'ಈಕೆ ಇಂಥವರ ಮಗಳು, ಇಂಥ ದಿನ ಹುಟ್ಟಿದ್ದು ನಿಜ' ಎಂದು ಬರೆಯುವವರಿದ್ದಾರೆ. ಅವರು ತಮಗೆ ತಿಳಿಯದ್ದಕ್ಕೆ ಸಾಕ್ಷಿ ಹೇಳುತ್ತಿದ್ದಾರೆ. ಆ ಸಾಲನ್ನು ಹೊಡೆದುಹಾಕಬೇಕು.

ಇಂಗ್ಲಿಷ್ ಕಾಗುಣಿತದ ವಿಷಯ ಬೇರೆ. 'ವೆಂಕಟೇಶ' ಎಂಬುದರ ಕೊನೆಗೆ ಇಂಗ್ಲಿಷಿನಲ್ಲಿ 'ಎ' ಅಕ್ಷರ ಇರಬೇಕೋ ಬೇಡವೋ ಎಂಬುದಕ್ಕೆ ಕನ್ನಡ ಮೂಲದಲ್ಲಿ ಉತ್ತರವಿಲ್ಲ. ಇಂಥಲ್ಲಿ ಪಾಸ್‌ಪೋರ್ಟಿನ ಕಾಗುಣಿತ ಅನುಸರಿಸಿ, 'ಹೆಸರುಗಳ ಇಂಗ್ಲಿಷ್ ಕಾಗುಣಿತ ಪಾಸ್‌ಪೋರ್ಟಿನಂತೆ' ಎಂದು ಅನುವಾದಕರ ಟಿಪ್ಪಣಿಯಲ್ಲಿ ತಿಳಿಸುವುದು ಪ್ರಾಮಾಣಿಕ ದಾರಿ. ಆದರೆ ಮೂಲದಲ್ಲಿಲ್ಲದ ಮನೆತನದ ಹೆಸರನ್ನು ಪಾಸ್‌ಪೋರ್ಟ್ ನೋಡಿ ಸೇರಿಸುವಂತಿಲ್ಲ.

ನೋಟರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1952ರ ನೋಟರಿಗಳ ಅಧಿನಿಯಮದ 8ನೇ ಪ್ರಕರಣ ದಾಖಲೆಯನ್ನು ಅನುವಾದಿಸುವ, ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರವನ್ನು ನೋಟರಿಗಳಿಗೆ ಕೊಟ್ಟಿದೆ. ಆದರೆ ಸಾಮಾನ್ಯವಾಗಿ ನಡೆಯುವುದು ಅದಲ್ಲ. ಅನುವಾದಕರು ತಮ್ಮೆದುರು ಸಹಿ ಮಾಡಿದರು ಎಂದಷ್ಟೇ ನೋಟರಿ ಸೀಲು ಹಾಕುತ್ತಾರೆ. ಆ ಸೀಲಿನಿಂದ ಸಹಿ ಗಟ್ಟಿಯಾಗುತ್ತದೆಯೇ ಹೊರತು ಅನುವಾದವಲ್ಲ. ಅದರ ಮೇಲೆ ಅನುವಾದಕರ ಸ್ವಂತ ದೃಢೀಕರಣವೇ ಇಲ್ಲದಿದ್ದರೆ ಎಷ್ಟು ಸೀಲು ಬಿದ್ದರೂ ಉಪಯೋಗವಿಲ್ಲ. ಅಪೊಸ್ಟಿಲ್ ಕೂಡ ಹಾಗೆಯೇ. ಮೂಲ ಪ್ರಮಾಣಪತ್ರದ ಮೇಲಿನ ಅಪೊಸ್ಟಿಲ್ ಅದಕ್ಕೆ ಸಹಿ ಹಾಕಿದ ಅಧಿಕಾರಿಯ ಸಹಿ, ಹುದ್ದೆ, ಮೊಹರಿಗೆ ಸಂಬಂಧಿಸಿದ್ದು.

ದೇಶ ಬದಲಾದರೆ ಬೇಡಿಕೆಯೂ ಬದಲಾಗುತ್ತದೆ. ಬ್ರಿಟನ್ನಿನ ವೀಸಾಕ್ಕೆ ನಿಖರತೆಯ ಮಾತಿನ ಜೊತೆಗೆ ಅನುವಾದದ ದಿನಾಂಕ, ಪೂರ್ತಿ ಹೆಸರು, ಸಹಿ ಮತ್ತು ಸಂಪರ್ಕ ವಿವರ ಇರಲೇಬೇಕು, ಏಕೆಂದರೆ ಅವರು ಅನುವಾದವನ್ನು ತಾವೇ ಪರಿಶೀಲಿಸಬಹುದು. ಕೆನಡಾ ಇನ್ನೂ ಕಟ್ಟುನಿಟ್ಟು. ಅನುವಾದಕರು ಅಲ್ಲಿಯ ವ್ಯಾಖ್ಯೆಯಂತೆ ಪ್ರಮಾಣೀಕೃತರಲ್ಲದಿದ್ದರೆ ನೋಟರಿಯಂಥ ಅಧಿಕಾರಿಯ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ ಬೇಕು. ಅರ್ಜಿದಾರರಾಗಲಿ ಅವರ ಹತ್ತಿರದ ಸಂಬಂಧಿಕರಾಗಲಿ, ಚಿಕ್ಕಪ್ಪ, ಅತ್ತೆಯರೂ ಸೇರಿದಂತೆ, ಅನುವಾದ ಮಾಡುವಂತಿಲ್ಲ. ಅಮೆರಿಕದ ನಿಯಮದಲ್ಲಿ ಇಂಥ ಮಾತು ಇಲ್ಲದಿದ್ದರೂ ಮನೆಯ ಹೊರಗಿನವರಿಂದಲೇ ಮಾಡಿಸಿ, 'ಅರ್ಜಿದಾರರಿಗೂ ನನಗೂ ಸಂಬಂಧವಿಲ್ಲ' ಎಂಬ ಸಾಲು ಸೇರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ಸಲ್ಲಿಸುವ ಬಗೆ. ದೃಢೀಕರಣ ಅನುವಾದದ ಹಾಳೆಯಲ್ಲೇ ಇದ್ದರೆ ಬೇರ್ಪಡುವ ಭಯವಿಲ್ಲ. ಬೇರೆ ಹಾಳೆಯಾದರೆ ಪ್ರತಿ ಪುಟಕ್ಕೂ ಅನುವಾದಕರು ಕಿರುಸಹಿ ಹಾಕಿ, ಕನ್ನಡ ಪ್ರತಿಯ ಜೆರಾಕ್ಸ್ ಜೊತೆಗೆ ಸ್ಟೇಪಲ್ ಮಾಡಲಿ. ಅಮೆರಿಕದ ವಲಸೆ ವೀಸಾಕ್ಕೆ ದಾಖಲೆಗಳನ್ನು ಆನ್‌ಲೈನಿನಲ್ಲಿ ಏರಿಸುವಾಗ ಮೂಲ, ಅನುವಾದ, ದೃಢೀಕರಣ ಮೂರನ್ನೂ ಒಂದೇ ಕಡತವಾಗಿ ಸ್ಕ್ಯಾನ್ ಮಾಡಬೇಕು. ಸಂದರ್ಶನದ ದಿನ ಕನ್ನಡದ ಮೂಲ ಪ್ರತಿಯನ್ನೂ ಶಾಯಿಯ ಸಹಿಯಿರುವ ಅನುವಾದವನ್ನೂ ಕೈಯಲ್ಲೇ ಒಯ್ಯಬೇಕು.